ತುತ್ತಿನೊಡನೆ ಬರುವ ಬಾವು

ಹಿಡಕಲ್ಲು ತನ್ನ ಹೆಸರಿನ ಕೊನೆಯಲ್ಲಿಯೇ ಕಲ್ಲನ್ನು ಹೊತ್ತುಕೊಂಡಿರುವ ಊರು. ಹುಕ್ಕೇರಿ ತಾಲೂಕಿನ ಈ ಊರ ಬಳಿ ಘಟಪ್ರಭಾ ನದಿಗೆ ಕಟ್ಟಿದ ದೊಡ್ಡ ಒಡ್ಡಿನ ಹಿಂದೆ ನಿಂತ ನೀರು ಕಾಲುವೆಗಳ ದಾರಿಯಾಗಿ ದೂರದೂರದ ಹೊಲಗಳಿಗೆ ಹರಿದುಹೋಗುತ್ತದೆ. ತೂಬು ತೆರೆದಿದ್ದರೆ ಬೆಳೆ. ತೂಬಿನ ಬಾಯಿಗೆ ಒಂದು ಕಲ್ಲು ಸಿಕ್ಕಿಕೊಂಡರೆ ಗೋಳು. ಈ ಮಾತನ್ನು ಇಲ್ಲಿಯ ಒಕ್ಕಲಿಗನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಅಂಥದೇ ಒಂದು ತೂಬು ಮನುಷ್ಯನ ನಾಲಗೆಯ ಅಡಿಯಲ್ಲಿಯೂ ಇದೆ, ಅದಕ್ಕೂ ಒಮ್ಮೊಮ್ಮೆ ಕಲ್ಲು ಅಡ್ಡವಾಗುತ್ತದೆ ಎಂಬುದು ಆ ಊರಿನ ಒಬ್ಬ ಗೃಹಸ್ಥನಿಗೆ ತನ್ನ 52ನೆಯ ವಯಸ್ಸಿನಲ್ಲಿ ತಿಳಿದುಬಂದಿತು. ತಿಳಿಯುವುದರೊಳಗಾಗಿ 2 ವರ್ಷಗಳು ಸಂದುಹೋಗಿದ್ದವು.

ಮೊದಲು ಅದು ಕಾಣಿಸಿಕೊಂಡದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಎಲೆಯ ಮೇಲೆ ಮಾವಿನ ಉಪ್ಪಿನಕಾಯಿ ಬಡಿಸಿದ್ದರು. ಗೃಹಸ್ಥನು ಅದರ ಒಂದು ಹೋಳನ್ನು ನಾಲಗೆಗೆ ಸೋಂಕಿಸಿದನೋ ಇಲ್ಲವೋ, ಬಲಗಡೆಯ ದವಡೆಯೆಲುಬಿನ ಕೆಳಗೆ ಯಾರೋ ಒಳಗಿನಿಂದ ಹಿಂಡಿದಂತಾಯಿತು. ಕೈಯಿಟ್ಟು ನೋಡಿದರೆ ನಿಂಬೆಯ ಹಣ್ಣಿನಷ್ಟು ಗಂಟು ಎದ್ದಿತ್ತು. ಎರಡನೆಯ ತುತ್ತಿಗೆ ನೋವು ಇಮ್ಮಡಿಸಿತು. ಊಟವನ್ನು ಅರ್ಧಕ್ಕೇ ಬಿಟ್ಟು ಆತನು ಎದ್ದನು. ಬಡಿಸುವವರು, "ಯಾಕ್ರೀ, ಊಟಾ ಬಿಟ್ಟು ಎದ್ರಿ?" ಎಂದು ಕೇಳಿದುದಕ್ಕೆ, "ಹಲ್ಲು ನೋಯ್ತದ" ಎಂದಷ್ಟೇ ಹೇಳಿ ಹೊರಬಿದ್ದನು. ಮನೆಗೆ ಬಂದು ಮಲಗಿ ಎರಡು ತಾಸು ಕಳೆಯುವಷ್ಟರಲ್ಲಿ ಗಂಟು ತಾನಾಗಿಯೇ ಇಳಿದುಹೋಗಿತ್ತು. ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಒಂದೇ ಸಮ. ರಾತ್ರಿ ರೊಟ್ಟಿಯ ಮುಂದೆ ಕುಳಿತಾಗ ಅದು ಮತ್ತೆ ಬಂದಿತು.

ಆತನ ಅಣ್ಣನು ಬಾಯಿಯ ಅರ್ಬುದದಿಂದ ತೀರಿಕೊಂಡಿದ್ದನು. ತಾನೂ ಹಲವು ವರ್ಷ ತಂಬಾಕು ತಿಂದವನೇ. ಆದುದರಿಂದ ದವಡೆಯ ಕೆಳಗೆ ಗಂಟು ಎಂದೊಡನೆ ಆತನ ಮನಸ್ಸು ಒಂದೇ ಕಡೆಗೆ ಓಡಿತು. ಅದನ್ನು ಹೆಂಡತಿಗೂ ಹೇಳಲಿಲ್ಲ. ವೈದ್ಯರಿಗಂತೂ ಹೇಳುವ ಮಾತೇ ಇಲ್ಲ. ಹೇಳಿದರೆ ಅದು ನಿಜವಾದೀತು ಎಂಬ ಭಯ. ಪಂಕ್ತಿಯೂಟಕ್ಕೆ ಹೋಗುವುದನ್ನು ಬಿಟ್ಟನು. ಹುಳಿ ಬಿಟ್ಟನು, ಉಪ್ಪಿನಕಾಯಿ ಬಿಟ್ಟನು. ಗೋಕಾಕದ ಕರದಂಟೆಂದರೆ ಪ್ರಾಣವಾಗಿದ್ದವನು ಅಗಿಯಬೇಕಾದ ತಿಂಡಿಯನ್ನೇ ಮುಟ್ಟದಾದನು. ಕಡೆಕಡೆಗೆ ಅಂಬಲಿ ಕುಡಿದು ದಿನ ಕಳೆಯಹತ್ತಿದನು. ಊಟ ಕಡಿಮೆ ಮಾಡಿದಷ್ಟು ಬಾವು ಕಡಿಮೆ ಬರುತ್ತಿದ್ದುದರಿಂದ ತಾನು ಹಿಡಿದ ದಾರಿಯೇ ಸರಿ ಎಂದು ಆತನಿಗೆ ತೋರಿತು. ಅದು ಹೇಗೆ ತಪ್ಪಾಗಿತ್ತು ಎಂಬುದನ್ನು ತಿಳಿಯಬೇಕಾದರೆ ನಾಲಗೆಯ ಅಡಿಯ ಆ ಕಾಲುವೆಯ ರಚನೆಯನ್ನು ಕೊಂಚ ನೋಡಬೇಕು.

ಬಾಯಿಗೆ ನೀರು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಒಂದು ಜೊತೆ, ದವಡೆಯೆಲುಬಿನ ಕೆಳಗೆ ಒಂದು ಜೊತೆ, ನಾಲಗೆಯ ಕೆಳಗೆ ಒಂದು ಜೊತೆ. ಇವೂ ಇವುಗಳ ಸಣ್ಣ ಸಂಗಾತಿಗಳೂ ಕೂಡಿ ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನ ವರೆಗೆ ಲಾಲಾರಸವನ್ನು ಸುರಿಸುತ್ತವೆ. ಇವುಗಳಲ್ಲಿ ದವಡೆಯ ಕೆಳಗಿನ ಗ್ರಂಥಿಯ ಸ್ಥಿತಿ ವಿಚಿತ್ರವಾದದ್ದು. ಗ್ರಂಥಿ ಇರುವುದು ಕೆಳಗೆ, ಅದರ ಬಾಯಿ ಇರುವುದು ಮೇಲೆ. ಅದರ ನಾಳವು ಬಾಯಿಯ ತಳದ ಸ್ನಾಯುವಿನ ಹಿಂದಿನ ಅಂಚನ್ನು ಸುತ್ತಿ ಬಾಗಿ, ಸುಮಾರು 5 ಸೆಂಟಿಮೀಟರ ದೂರ ಮುಂದಕ್ಕೆ ಸಾಗಿ, ನಾಲಗೆಯ ಕಡಿವಾಣದ ಪಕ್ಕದಲ್ಲಿ ಒಂದು ಸಣ್ಣ ಉಬ್ಬಿನ ಮೇಲೆ ತೆರೆಯುತ್ತದೆ. ಥಾಮಸ್ ವ್ಹಾರ್ಟನ್ ಎಂಬ ಆಂಗ್ಲ ಶಾರೀರಜ್ಞನು 1656ರಲ್ಲಿ ಇದನ್ನು ವರ್ಣಿಸಿದ್ದರಿಂದ ಇದಕ್ಕೆ ಇಂದಿಗೂ ವ್ಹಾರ್ಟನ್ನನ ನಾಳವೆಂದೇ ಹೆಸರು. ನಾಳದ ಒಳ ಅಗಲವು 2 ಮಿಲಿಮೀಟರಿನ ಆಚೀಚೆ. ಅದರ ಬಾಯಿಯಂತೂ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಕಾಲುವೆ ಉದ್ದ, ನಡುವೆ ಬಾಗು, ಹರಿಯಬೇಕಾದದ್ದು ಏರಿನ ಕಡೆಗೆ, ಕೊನೆಯಲ್ಲಿ ಬಾಯಿ ಕಿರಿದು. ಇದರ ಮೇಲೆ ಈ ಗ್ರಂಥಿಯ ರಸವು ಕಿವಿಯ ಮುಂದಿನ ಗ್ರಂಥಿಯ ರಸಕ್ಕಿಂತ ಲೋಳೆಯಾದದ್ದು. ಸುಣ್ಣದ ಅಂಶವೂ ಅದರಲ್ಲಿ ಹೆಚ್ಚು. ಲಾಲಾಗ್ರಂಥಿಗಳಲ್ಲಿ ಹುಟ್ಟುವ ಕಲ್ಲುಗಳಲ್ಲಿ 10ಕ್ಕೆ 8 ಪಾಲು ಇಲ್ಲಿಯೇ ಹುಟ್ಟುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಲ್ಲು ಹುಟ್ಟುವ ಬಗೆಯನ್ನು ನಮ್ಮ ಪ್ರಾಚೀನರು ಬೇರೊಂದು ಸ್ಥಾನದಲ್ಲಿ ನೋಡಿದ್ದರು. ಸುಶ್ರುತಾಚಾರ್ಯನು ನಿದಾನಸ್ಥಾನದಲ್ಲಿ ಮೂತ್ರಾಶಯದ ಅಶ್ಮರಿಯನ್ನು ಹೇಳುವಾಗ ಹೊಸ ಗಡಿಗೆಯ ದೃಷ್ಟಾಂತವನ್ನು ಕೊಡುತ್ತಾನೆ: ಹೊಸ ಗಡಿಗೆಯಲ್ಲಿ ತಿಳಿನೀರನ್ನೇ ತುಂಬಿಟ್ಟರೂ ಕಾಲಾಂತರದಲ್ಲಿ ತಳದಲ್ಲಿ ಕೆಸರು ಕೂಡುತ್ತದೆ, ಅಶ್ಮರಿಯೂ ಹಾಗೆಯೇ ಎಂದು. ಆತನು ಲಾಲಾಗ್ರಂಥಿಯನ್ನು ಕುರಿತು ಆ ಮಾತನ್ನು ಆಡಿದುದಲ್ಲವಾದರೂ ದೃಷ್ಟಾಂತವು ಇಲ್ಲಿಗೂ ಒಪ್ಪುತ್ತದೆ. ರಸವು ನಿಂತಲ್ಲಿ ಲೋಳೆಯ ಒಂದು ಕಣ, ಉದುರಿದ ಒಳಪೊರೆಯ ಒಂದು ಚೂರು, ಕೆಲವು ಸೂಕ್ಷ್ಮ ಜೀವಿಗಳು ಮೊದಲು ಹೆಪ್ಪುಗಟ್ಟುತ್ತವೆ. ಅದರ ಸುತ್ತ ಕ್ಯಾಲ್ಸಿಯಂ ಫಾಸ್ಫೇಟು ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಕೂಡುತ್ತ ಹೋಗುತ್ತದೆ. ಎಲುಬಿನ ದ್ರವ್ಯವೂ ಬಹುಮಟ್ಟಿಗೆ ಇದೇ. ರಸ ಹರಿಯುತ್ತಿದ್ದಷ್ಟು ಕಾಲ ಕಣವು ಕೊಚ್ಚಿಹೋಗುತ್ತದೆ. ರಸ ನಿಂತರೆ ಬೆಳೆಯುತ್ತದೆ. ಈ ಗೃಹಸ್ಥನು ಊಟವನ್ನೂ ಹುಳಿಯನ್ನೂ ಬಿಟ್ಟು ಮಾಡಿದುದಾದರೂ ಇದನ್ನೇ. ನೋವನ್ನು ತಪ್ಪಿಸುವ ಸಲುವಾಗಿ ರಸವನ್ನು ನಿಲ್ಲಿಸಿದನು. ನಿಂತ ರಸವು ಕಲ್ಲಿಗೆ ಇನ್ನಷ್ಟು ಪದರುಗಳನ್ನು ಕಟ್ಟಿತು.

ಊಟಕ್ಕೆ ಕುಳಿತಾಗಲೇ ಬಾವು ಬರುವುದೇಕೆ ಎಂಬುದೂ ಇದರಿಂದಲೇ ಸ್ಪಷ್ಟವಾಗುವುದು. ಕಲ್ಲು ನಾಳವನ್ನು ಸಾಮಾನ್ಯವಾಗಿ ಪೂರ್ತಿಯಾಗಿ ಮುಚ್ಚುವುದಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ರಸವು ಹನಿಹನಿಯಾಗಿ ಹುಟ್ಟಿ ಕಲ್ಲಿನ ಪಕ್ಕದಿಂದ ಜಿನುಗಿ ಹೋಗುತ್ತದೆ. ಅನ್ನದ ವಾಸನೆ ಬಂದಾಗ, ವಿಶೇಷವಾಗಿ ಹುಳಿ ಸೋಂಕಿದಾಗ, ಗ್ರಂಥಿಯು ಒಮ್ಮೆಲೇ ಹಲವು ಪಟ್ಟು ರಸವನ್ನು ಸುರಿಸುತ್ತದೆ. ತೂಬು ಅರ್ಧ ಮುಚ್ಚಿರುವಾಗ ಹಿಂದಿನಿಂದ ಕಾಲುವೆ ತುಂಬಿ ನೀರು ಬಿಟ್ಟಂತೆ ಆಗ ಗ್ರಂಥಿ ಉಬ್ಬುತ್ತದೆ, ಅದರ ಹೊದಿಕೆ ಬಿಗಿಯುತ್ತದೆ, ನೋವು ಹುಟ್ಟುತ್ತದೆ. ಊಟ ಮುಗಿದ ಮೇಲೆ ಒಂದೆರಡು ತಾಸಿನಲ್ಲಿ ಕೂಡಿದ ರಸವು ಮೆಲ್ಲನೆ ಸೋರಿ ಬಾವು ಇಳಿಯುತ್ತದೆ. ತುತ್ತಿನೊಡನೆ ಬಂದು ತುತ್ತು ನಿಂತ ಮೇಲೆ ಹೋಗುವ ಬಾವು ಎಂಬ ಈ ಒಂದು ಲಕ್ಷಣವೇ ರೋಗಿಯ ಬಾಯಿಂದ ಬಂದರೆ ವೈದ್ಯನಿಗೆ ಅರ್ಧ ನಿದಾನವಾದಂತೆ. ಅದನ್ನು ಬಾಯಿ ಬಿಟ್ಟು ಹೇಳದಿದ್ದರೆ ಏನಾಗುವುದೆಂಬುದಕ್ಕೆ ಈ ಗೃಹಸ್ಥನೇ ಸಾಕ್ಷಿ.

ಮೊದಲ ವರ್ಷದಲ್ಲಿ ಆತನು ಹಲ್ಲುನೋವೆಂದು ಹೇಳಿಕೊಂಡು ಒಬ್ಬರ ಬಳಿಗೆ ಹೋದನು. ಬಾವಿನ ಮಾತನ್ನು ಎತ್ತಲಿಲ್ಲ. ಬಲಗಡೆಯ ಕೆಳಗಿನ ಒಂದು ದವಡೆಹಲ್ಲು ಸ್ವಲ್ಪ ಹುಳುಕಾಗಿತ್ತು, ಅದನ್ನು ಕಿತ್ತರು. ನೋವು ಹಾಗೆಯೇ ಉಳಿಯಿತು. ಹಲ್ಲಿನ ನೋವಾದರೆ ತಣ್ಣೀರಿಗೂ ಬಿಸಿನೀರಿಗೂ ಜುಂ ಎನ್ನುತ್ತದೆ, ತಟ್ಟಿದರೆ ನೋಯುತ್ತದೆ, ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ. ಊಟದ ಗಂಟೆಯನ್ನು ನೋಡಿ ಬರುವುದಿಲ್ಲ. ಆಮೇಲೆ ಬಾವು ನೆರೆಯವರ ಕಣ್ಣಿಗೆ ಬಿದ್ದಾಗ ಅವರು ಮಂಗಬಾವು ಎಂದರು, ಲೇಪ ಹಚ್ಚಿದರು. ಮಂಗಬಾವು ಹೆಚ್ಚಾಗಿ ಕಿವಿಯ ಮುಂದಿನ ಗ್ರಂಥಿಗೆ ಬರುವುದು, ಜ್ವರದೊಡನೆ ಬಂದು ಕೆಲವು ದಿನ ನಿಂತು ಹೋಗುವುದು. ದಿನಕ್ಕೆ ಎರಡು ಸಲ ಬಂದು ಎರಡು ಸಲ ಇಳಿಯುವುದಲ್ಲ. ಕುತ್ತಿಗೆಯ ಗಂಟುಗಳು ಬಾತಾಗಲೂ ಅವು ವಾರಗಟ್ಟಲೆ ಹಾಗೆಯೇ ಇರುತ್ತವೆ. ಇನ್ನು ಆತನು ಅಂಜಿದ ಅರ್ಬುದವು ಬಹುಶಃ ನೋವಿಲ್ಲದೆ ಮೆಲ್ಲಗೆ ಬೆಳೆಯುತ್ತದೆ, ಮುಟ್ಟಿದರೆ ಗಟ್ಟಿಯಾಗಿರುತ್ತದೆ, ಊಟವಾದ ಮೇಲೆ ಇಳಿಯುವ ಪದ್ಧತಿ ಅದಕ್ಕಿಲ್ಲ. ಅಣ್ಣನ ರೋಗದ ನೆನಪಿನಿಂದ ಆತನು ಮುಚ್ಚಿಟ್ಟ ಸಂಗತಿಯೇ, ಎಂದರೆ ಬಾವು ಇಳಿಯುತ್ತದೆ ಎಂಬುದೇ, ಆತನಿಗೆ ಧೈರ್ಯ ಹೇಳಬಹುದಾದ ಸಂಗತಿಯಾಗಿತ್ತು. ಆದರೂ ಕೇವಲ ಲಕ್ಷಣವನ್ನು ನಂಬಿ ಮನೆಯಲ್ಲಿ ಕುಳಿತಿರುವುದು ಸಲ್ಲದು. ಎರಡು ಮೂರು ವಾರವಾದರೂ ಇಳಿಯದ ಗಂಟನ್ನಂತೂ ತೋರಿಸಲೇಬೇಕು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಸಂಗತಿ ಕೈಮೀರಿತು. ಬಿಸಿಲಿನಲ್ಲಿ ಕಬ್ಬಿನ ಗದ್ದೆಯ ಕೆಲಸ. ಕುಡಿಯುವ ನೀರು ಕಡಿಮೆ. ಮೂಗು ಸೋರುವುದಕ್ಕೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆಗಳು ಬಾಯನ್ನು ಇನ್ನಷ್ಟು ಒಣಗಿಸುವಂಥವು. ಒಂದು ದಿನ ಬಾವು ಬಂದದ್ದು ಇಳಿಯಲಿಲ್ಲ. ಮರುದಿನ ಅದರ ಮೇಲಿನ ಚರ್ಮ ಕೆಂಪಾಯಿತು, ಚಳಿಜ್ವರ ಬಂದಿತು, ಬಾಯಲ್ಲಿ ಕೊಳೆತ ರುಚಿ ತುಂಬಿತು. ಆಗ ಹೆಂಡತಿಯು ಯಾವ ಮಾತನ್ನೂ ಕೇಳದೆ ಮಗನನ್ನು ಜೊತೆ ಮಾಡಿ ವೈದ್ಯರ ಬಳಿಗೆ ಕಳಿಸಿದಳು. ಆತನ ಪುಣ್ಯಕ್ಕೆ ಅಲ್ಲಿದ್ದ ವೈದ್ಯೆಯು ಬಾಯಿಯೊಳಗೆ ದೀಪ ಬಿಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿದಳು: "ಕಾಕಾ, ಮೊದಲ ಇದು ಊಟದ ಹೊತ್ತಿಗೆ ಬಂದು ಆಮ್ಯಾಲೆ ಇಳೀತಿತ್ತೇನು?" ಗೃಹಸ್ಥನು ಮಗನ ಮುಖವನ್ನೊಮ್ಮೆ ನೋಡಿ ಹೌದೆಂದು ತಲೆಯಾಡಿಸಿದನು. ಎರಡು ವರ್ಷಗಳಲ್ಲಿ ಆತನನ್ನು ಯಾರೂ ಕೇಳದಿದ್ದ, ಆತನೂ ಯಾರಿಗೂ ಹೇಳದಿದ್ದ ಮಾತು ಅದು.

ಮುಂದೆ ಆಕೆಯು ಮಾಡಿದ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಕೈಚೀಲ ತೊಟ್ಟ ಒಂದು ಬೆರಳನ್ನು ನಾಲಗೆಯ ಪಕ್ಕದಲ್ಲಿ ಬಾಯಿಯ ತಳದ ಮೇಲಿಟ್ಟಳು. ಇನ್ನೊಂದು ಕೈಯನ್ನು ಹೊರಗಿನಿಂದ ದವಡೆಯ ಕೆಳಗೆ ಹಿಡಿದಳು. ಎರಡರ ನಡುವೆ ನಾಳವನ್ನು ಹಿಂದಿನಿಂದ ಮುಂದಕ್ಕೆ ಸವರಿಕೊಂಡು ಬಂದಳು. ಹಿಂದಿನಿಂದ ಮುಂದಕ್ಕೆ ಎಂಬುದನ್ನು ಮರೆಯಬಾರದು. ಮುಂದಿನಿಂದ ಹಿಂದಕ್ಕೆ ಸವರಿದರೆ ಕಲ್ಲು ಗ್ರಂಥಿಯ ಕಡೆಗೆ ಜಾರಿ ಕೈಗೆ ಸಿಕ್ಕದೆ ಹೋಗಬಹುದು. ನಾಳವು ಗ್ರಂಥಿಯನ್ನು ಬಿಟ್ಟು ಹೊರಡುವ ಬಾಗಿನ ಬಳಿ ಗಟ್ಟಿಯಾದ ಕಾಳೊಂದು ಬೆರಳಿಗೆ ಹತ್ತಿತು. ಆ ಮೇಲೆ ನಾಲಗೆಯನ್ನು ಎತ್ತಿಸಿ, ಅಡಿಯ ಎರಡು ಸಣ್ಣ ಉಬ್ಬುಗಳನ್ನು ಅರಿವೆಯಿಂದ ಒರೆಸಿ, ಹೊರಗಿನಿಂದ ಗ್ರಂಥಿಗಳನ್ನು ಮೆಲ್ಲಗೆ ಒತ್ತಿದಳು. ಎಡಗಡೆಯ ಬಾಯಿಂದ ತಿಳಿಯಾದ ಹನಿ ಹೊರಟಿತು. ಬಲಗಡೆ ಮೊದಲು ಏನೂ ಬರಲಿಲ್ಲ. ಬಂದಾಗ ಕೀವು ಬಂದಿತು.

ಗೃಹಸ್ಥನು ತನ್ನ ಚೀಲದಿಂದ ಹಿಂದೆ ಹಲ್ಲಿನ ಸಲುವಾಗಿ ತೆಗೆಸಿದ್ದ ಕ್ಷ-ಕಿರಣದ ಚಿತ್ರವನ್ನು ಹೊರತೆಗೆದು, ಇದರಲ್ಲಿ ಕಲ್ಲೇನೂ ಕಾಣಲಿಲ್ಲವೆಂದನು. ಅದಕ್ಕೂ ಕಾರಣವಿದ್ದಿತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ದವಡೆಯೆಲುಬಿನ ನೆರಳೂ ಹಲ್ಲುಗಳ ನೆರಳೂ ಕಲ್ಲಿನ ಮೇಲೆ ಬಿದ್ದು ಅದನ್ನು ಮುಚ್ಚಿಬಿಡಬಹುದು. ಚಿತ್ರಪಟವನ್ನು ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ಕಚ್ಚಿಹಿಡಿಸಿ, ಗದ್ದದ ಕೆಳಗಿನಿಂದ ಕಿರಣ ಬಿಟ್ಟರೆ ಬಾಯಿಯ ತಳ ಬಯಲಾಗಿ ನಾಳದ ಮುಂಭಾಗದ ಕಲ್ಲು ಬೇರೆಯಾಗಿ ಕಾಣುತ್ತದೆ. ಅಷ್ಟಾದರೂ ಸುಣ್ಣದ ಅಂಶ ಸಾಲದ ಕೆಲವು ಕಲ್ಲುಗಳು ಕಿರಣಕ್ಕೆ ನೆರಳು ಕೊಡುವುದೇ ಇಲ್ಲ. ಆದುದರಿಂದ ಚಿತ್ರದಲ್ಲಿ ಇಲ್ಲವೆಂದಮಾತ್ರಕ್ಕೆ ಕಲ್ಲಿಲ್ಲ ಎನ್ನಲಾಗದು. ಇಂದು ಮೊದಲು ಅಲ್ಟ್ರಾಸೌಂಡಿನಿಂದ ನೋಡುವುದು ವಾಡಿಕೆ. ಅದಕ್ಕೆ ಕಿರಣದ ಭಯವಿಲ್ಲ. 2 ಮಿಲಿಮೀಟರಿಗಿಂತ ದೊಡ್ಡ ಕಲ್ಲು ಬಹುಮಟ್ಟಿಗೆ ಕಾಣುತ್ತದೆ. ಹಿಂದಿನ ನಾಳ ಹಿಗ್ಗಿದೆಯೇ, ಕೀವು ಕೂಡಿದೆಯೇ ಎಂಬುದೂ ತಿಳಿಯುತ್ತದೆ. ಸಂದೇಹ ಉಳಿದರೆ ಸಿ.ಟಿ. ಚಿತ್ರ. ಇಲ್ಲಿ ಅಲ್ಟ್ರಾಸೌಂಡು 9 ಮಿಲಿಮೀಟರಿನ ಒಂದೇ ಕಲ್ಲನ್ನು, ಬೆರಳು ಹೇಳಿದ ಸ್ಥಳದಲ್ಲಿಯೇ ತೋರಿಸಿತು. ಅರ್ಬುದದ ಸುಳಿವು ಎಲ್ಲಿಯೂ ಇರಲಿಲ್ಲ. ಅದನ್ನು ಕೇಳಿ ಆತನು ಬಹಳ ಹೊತ್ತು ಮಾತಾಡಲಿಲ್ಲವಂತೆ.

ಕಲ್ಲು ಕಂಡಿತೆಂದು ಅಂದೇ ಅದನ್ನು ತೆಗೆಯಲು ಹೋಗಲಿಲ್ಲ. ಕೀವು ತುಂಬಿ ಬಾತ ಸ್ಥಳದಲ್ಲಿ ಶಸ್ತ್ರವಾಡಿಸಿದರೆ ನರ ಯಾವುದು ನಾಳ ಯಾವುದು ತಿಳಿಯದಾಗುತ್ತದೆ. ಮೊದಲು ಸೋಂಕನ್ನಿಳಿಸುವ ಔಷಧ, ನೋವಿಗೆ ಗುಳಿಗೆ, ಯಥೇಷ್ಟವಾಗಿ ನೀರು. ದಿನಕ್ಕೆ ಮೂರು ನಾಲ್ಕು ಸಲ ಬಿಸಿ ಅರಿವೆಯ ಶಾಖ. ಶಾಖವಾದ ಮೇಲೆ ದವಡೆಯ ಮೂಲೆಯಿಂದ ಗದ್ದದ ಕಡೆಗೆ, ರಸ ಹರಿಯುವ ದಿಕ್ಕಿನಲ್ಲಿಯೇ, ತಾಳಿಕೊಳ್ಳುವಷ್ಟು ಒತ್ತಡದಿಂದ ನೀವುವುದು. ಮೂಗಿನ ಗುಳಿಗೆಯನ್ನು ಬಿಡಿಸಿದಳು. ರಕ್ತದೊತ್ತಡದ ಗುಳಿಗೆಯೂ ಮೂತ್ರವನ್ನು ಹೆಚ್ಚಿಸುವಂಥದಾಗಿದ್ದರಿಂದ ಅದರ ಬದಲು ಬೇರೊಂದನ್ನು ಕೊಟ್ಟಳು. ತಾನಾಗಿ ಅದನ್ನು ಬಿಡಕೂಡದೆಂದು ಎಚ್ಚರಿಸಿದಳು. ಒಂದು ಮಾತನ್ನು ಮಗನಿಗೂ ಬಿಡಿಸಿ ಹೇಳಿದಳು: ಬಾವು ನಾಲಗೆಯ ಅಡಿಯಲ್ಲಿ ಎರಡೂ ಕಡೆಗೆ ಹರಡಿ ನಾಲಗೆಯನ್ನು ಮೇಲಕ್ಕೆ ಎತ್ತಿದರೆ, ಉಗುಳು ನುಂಗಲಾಗದೆ ಜೊಲ್ಲು ಸುರಿದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಿಗೆ ತಡೆಯಾದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದು. ಅಂಥದು ವಿರಳ, ಆದರೆ ಒದಗಿದರೆ ತಾಸುಗಳ ಲೆಕ್ಕ. ಇಲ್ಲಿ ಅದು ಒದಗಲಿಲ್ಲ. ಹತ್ತು ದಿನಗಳಲ್ಲಿ ಜ್ವರ ಇಳಿದು ಕೀವು ತಿಳಿಯಾಯಿತು.

ಕಲ್ಲು ಸಣ್ಣದಾಗಿದ್ದು ನಾಳದ ಬಾಯಿಯ ಹತ್ತಿರವಿದ್ದಿದ್ದರೆ ಚಿಕಿತ್ಸೆ ಇಷ್ಟರಲ್ಲಿಯೇ ಮುಗಿಯುತ್ತಿತ್ತೋ ಏನೋ. ಅಂಥ ಕಲ್ಲುಗಳಿಗೆ ನೀರು, ಶಾಖ, ನೀವುವುದು, ಸೋಂಕು ಇಲ್ಲದಾಗ ನಿಂಬೆಹುಳಿಯ ಒಂದು ಚೂರನ್ನು ಚೀಪುವುದು, ಇಷ್ಟೇ ಸಾಕಾಗುವುದುಂಟು. ರಸದ ಸೆಳವಿಗೆ ಕಲ್ಲು ತಾನಾಗಿ ಹೊರಬೀಳುತ್ತದೆ. ಆದರೆ ದೊಡ್ಡ ಕಲ್ಲು ಅಡ್ಡವಿರುವಾಗ ಹುಳಿ ಚೀಪಿದರೆ ಮುಚ್ಚಿದ ತೂಬಿನ ಹಿಂದೆ ನೀರು ಬಿಟ್ಟಂತೆಯೇ ಸರಿ; ನೋವು ಮಾತ್ರ ಮಿಕ್ಕೀತು. ಬಾಯಿಯ ಹತ್ತಿರದ ಕಲ್ಲು ಹೊರಬರದಿದ್ದರೆ ಆ ಸ್ಥಳವನ್ನಷ್ಟೇ ಜಡಗೊಳಿಸಿ ತೆಗೆಯುತ್ತಾರೆ. ಮೊದಲು ಕಲ್ಲಿನ ಹಿಂದೆ ನಾಳದ ಸುತ್ತ ಒಂದು ದಾರವನ್ನು ಹಾಯಿಸಿ ಎತ್ತಿ ಹಿಡಿಯುವರು. ಇದು ಕಲ್ಲು ಹಿಂದಕ್ಕೆ ಜಾರದಿರಲೆಂದು. ಆಮೇಲೆ ಕಲ್ಲಿನ ಮೇಲೆಯೇ ನಾಳವನ್ನು ಸೀಳಿ ಅದನ್ನು ಹೊರತೆಗೆಯುವರು. ಸೀಳನ್ನು ಬಿಗಿಯಾಗಿ ಹೊಲಿದರೆ ನಾಳ ಕುಗ್ಗಿ ಮತ್ತೆ ತಡೆಯಾಗುವ ಸಂಭವವಿರುವುದರಿಂದ ಅದನ್ನು ಹಾಗೆಯೇ ಬಿಡುವರು, ಇಲ್ಲವೆ ಅದರ ಅಂಚುಗಳನ್ನು ಬಾಯಿಯ ಒಳಪೊರೆಗೆ ಹೊಲಿದು ಹೊಸ ಬಾಯನ್ನು ಮಾಡುವರು.

ಈತನ ಕಲ್ಲು ಹಾಗಿರಲಿಲ್ಲ. ಹಿಂದಿನ ಕಾಲದಲ್ಲಿ ಗ್ರಂಥಿಯ ಬಾಗಿಲಲ್ಲಿ ಕಲ್ಲು ಕುಳಿತರೆ ಗ್ರಂಥಿಯನ್ನೇ ತೆಗೆದುಹಾಕುವುದು ಸಾಮಾನ್ಯ ಪದ್ಧತಿಯಾಗಿತ್ತು. ಕುತ್ತಿಗೆಯಲ್ಲಿ ದವಡೆಯಿಂದ ಎರಡು ಮೂರು ಸೆಂಟಿಮೀಟರ ಕೆಳಗೆ ಗಾಯ ಮಾಡಿ ಗ್ರಂಥಿಯನ್ನು ಬಿಡಿಸುವರು. ಅಲ್ಲಿ ತುಟಿಯ ಮೂಲೆಯನ್ನು ಕೆಳಕ್ಕೆಳೆಯುವ ನರ, ನಾಲಗೆಗೆ ಸ್ಪರ್ಶಜ್ಞಾನ ಕೊಡುವ ನರ, ನಾಲಗೆಯನ್ನು ಆಡಿಸುವ ನರ, ಈ ಮೂರೂ ಹತ್ತಿರದಲ್ಲಿಯೇ ಹಾದುಹೋಗುತ್ತವೆ. ನಿಪುಣರ ಕೈಯಲ್ಲಿಯೂ ಕೆಲವರಿಗೆ ಕೆಲವು ವಾರ ತುಟಿ ಸೊಟ್ಟಗಾಗುವುದುಂಟು. ಅಪರೂಪಕ್ಕೆ ಅದು ಹಾಗೆಯೇ ನಿಲ್ಲುವುದೂ ಉಂಟು. ಕಲ್ಲು ಬಹುಕಾಲ ಇದ್ದ ಗ್ರಂಥಿ ಹೇಗೂ ಸತ್ತಂತೆಯೇ ಎಂಬ ಭಾವನೆ ಆಗ ಇದ್ದಿತು. ಕಲ್ಲನ್ನು ಮಾತ್ರ ತೆಗೆದು ನೋಡಿದಾಗ ಎಷ್ಟೋ ಗ್ರಂಥಿಗಳು ಮತ್ತೆ ರಸ ಸುರಿಸಹತ್ತುವುದು ಕಂಡುಬಂದ ಮೇಲೆ ಆ ಭಾವನೆ ಬದಲಾಯಿತು. 1990ರ ದಶಕದಿಂದ ನಾಳದೊಳಗೇ ಹೋಗಿ ನೋಡುವ ಕೂದಲಿನಂಥ ದೂರ್ಬೀನುಗಳು ಬಳಕೆಗೆ ಬಂದವು. ಅವುಗಳ ದಪ್ಪ ಒಂದು ಮಿಲಿಮೀಟರಿನ ಆಚೀಚೆ. 4 ಮಿಲಿಮೀಟರಿಗಿಂತ ಸಣ್ಣ, ಅಲುಗಾಡುವ ಕಲ್ಲುಗಳನ್ನು ಅದರೊಡನೆ ಹೋಗುವ ತಂತಿಯ ಬುಟ್ಟಿಯಲ್ಲಿ ಹಿಡಿದು ಎಳೆಯಬಹುದು. ಅದಕ್ಕಿಂತ ದೊಡ್ಡವನ್ನು ಒಳಗೇ ಪುಡಿಮಾಡಬೇಕು, ಇಲ್ಲವೆ ಬಾಯಿಯೊಳಗಿನಿಂದ ಸೀಳಿ ತೆಗೆಯಬೇಕು. ಗ್ರಂಥಿಯ ಒಳಮೈಯಲ್ಲಿ ಆಳವಾಗಿ ಕುಳಿತು ಬೆರಳಿಗೂ ದೂರ್ಬೀನಿಗೂ ನಿಲುಕದ ಕಲ್ಲು, ಮತ್ತೆ ಮತ್ತೆ ಕೀವಾಗಿ ಗಟ್ಟಿಗಟ್ಟಿದ ಗ್ರಂಥಿ, ಇವುಗಳಿಗೆ ಇಂದಿಗೂ ಗ್ರಂಥಿಯನ್ನು ತೆಗೆಯುವುದೇ ದಾರಿ.

ಗೃಹಸ್ಥನನ್ನು ಬೆಳಗಾವಿಗೆ ಕಳಿಸಿದರು. ಅಲ್ಲಿಯ ಶಸ್ತ್ರವೈದ್ಯರು ಎರಡೂ ದಾರಿಗಳನ್ನು ಆತನ ಮುಂದಿಟ್ಟರು. ಕಲ್ಲು ದೊಡ್ಡದು, ಆದುದರಿಂದ ಬುಟ್ಟಿಗೆ ಬರಲಾರದು. ಆದರೆ ಬಾಯೊಳಗಿನಿಂದ ಬೆರಳಿಗೆ ಸಿಕ್ಕುತ್ತದೆ, ಆದುದರಿಂದ ಗ್ರಂಥಿಯನ್ನು ಉಳಿಸಿ ತೆಗೆಯಲು ಪ್ರಯತ್ನಿಸಬಹುದು. ಪ್ರಯತ್ನ ಸಾಗದಿದ್ದರೆ ಮುಂದೊಂದು ದಿನ ಗ್ರಂಥಿಯನ್ನು ತೆಗೆಯಬೇಕಾದೀತು. ನಾಲಗೆಯ ನರವು ನಾಳದ ಕೆಳಗಿನಿಂದ ಸುತ್ತಿ ಹಾಯುವುದರಿಂದ ನಾಲಗೆ ಕೆಲವು ದಿನ ಜೋಮು ಹಿಡಿದೀತು. ಇದನ್ನೆಲ್ಲ ಕೇಳಿ ಆತನು ಗ್ರಂಥಿಯನ್ನು ಉಳಿಸುವ ದಾರಿಯನ್ನೇ ಆರಿಸಿದನು. ಸೋಂಕು ಇಳಿದು ಮೂರು ವಾರವಾದ ಮೇಲೆ, ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ತಳದ ಪೊರೆಯನ್ನು ಬಿಡಿಸಿದರು. ನಾಳವನ್ನು ಗುರುತಿಸಿ, ಅದರಡಿಯ ನರವನ್ನು ಕಣ್ಣಾರೆ ಕಂಡು, ಮೃದುವಾದ ಪಟ್ಟಿಯಿಂದ ಪಕ್ಕಕ್ಕೆ ಹಿಡಿದರು. ಸಹಾಯಕರೊಬ್ಬರು ಹೊರಗಿನಿಂದ ಗ್ರಂಥಿಯನ್ನು ಮೇಲಕ್ಕೆ ಒತ್ತಿದಾಗ ಕಲ್ಲು ಗಾಯದ ಬಾಯಿಗೆ ಬಂದಿತು. ಸೀಳಿ ತೆಗೆದು, ನಾಳವನ್ನು ಉಪ್ಪುನೀರಿನಿಂದ ತೊಳೆದು, ದೂರ್ಬೀನಿನಿಂದ ಇಣುಕಿ, ಚೂರು ಉಳಿದಿಲ್ಲವೆಂದು ಖಚಿತ ಮಾಡಿಕೊಂಡರು. ಈ ಕಡೆಯ ನೋಟವು ಸಣ್ಣದೆನಿಸಿದರೂ ಬಿಡತಕ್ಕದ್ದಲ್ಲ. ಉಳಿದ ಒಂದು ಚೂರೇ ಮುಂದಿನ ಕಲ್ಲಿನ ಬೀಜವಾಗುತ್ತದೆ.

ಮರುದಿನ ಕಲ್ಲನ್ನು ಕಾಗದದಲ್ಲಿ ಸುತ್ತಿ ಆತನ ಕೈಗೆ ಕೊಟ್ಟರು. ಹಳದಿ ಬಣ್ಣ, ಒರಟು ಮೈ, ಕಡಲೆಕಾಳಿಗಿಂತ ಕೊಂಚ ಉದ್ದ. ಹೆಂಡತಿಯು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿ, "ಇಷ್ಟು ಕಾಳಿಗೆ ಎರಡು ವರ್ಷ ಅಂಬಲಿ ಕುಡದ್ರೇನ್ರಿ?" ಎಂದಳು. ಆತನು ಆಗ ಮೊದಲ ಸಲ ಅಣ್ಣನ ಹೆಸರನ್ನೆತ್ತಿ ತನ್ನ ಅಂಜಿಕೆಯನ್ನು ಹೇಳಿಕೊಂಡನು. ಆಕೆಯು ಉತ್ತರವೀಯಲಿಲ್ಲ, ಕಾಗದವನ್ನು ಮಡಚಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

ಊರಿಗೆ ಮರಳಿದ ಮೇಲೆ ಬಂದವರೆಲ್ಲರದೂ ಒಂದೇ ವಿಚಾರ: ಇದು ನೀರಿನ ದೋಷ, ಕೊಳವೆ ಬಾವಿಯ ಗಡುಸು ನೀರೇ ಕಲ್ಲಾಗುತ್ತದೆ, ಇನ್ನು ಮೇಲೆ ಸುಣ್ಣ ಬೇಡ, ಹಾಲು ಬೇಡ. ಗಡಿಗೆಯ ತಳದಲ್ಲಿ ಕಟ್ಟುವ ಬಿಳಿಯ ಗಸಿಯನ್ನು ಕಂಡವರಿಗೆ ಈ ಸಂದೇಹ ಬರುವುದು ಸಹಜ. ಆದರೆ ಇಂಗ್ಲೆಂಡಿನಲ್ಲಿ ಗಡುಸು ನೀರಿನ ಪ್ರದೇಶಗಳನ್ನೂ ಮೆದು ನೀರಿನ ಪ್ರದೇಶಗಳನ್ನೂ ತಾಳೆಹಾಕಿ ನೋಡಿದವರಿಗೆ ಈ ಕಲ್ಲಿಗೂ ನೀರಿನ ಗಡುಸುತನಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಕುಡಿದುದರಿಂದ ಲಾಲೆಯಲ್ಲಿ ಕಲ್ಲು ಬೆಳೆಯುವುದೆಂಬುದಕ್ಕೂ ಆಧಾರವಿಲ್ಲ. ನೀರು ಎಂಥದು ಎಂಬುದಕ್ಕಿಂತ ಎಷ್ಟು ಎಂಬುದು ಇಲ್ಲಿ ಮುಖ್ಯ: ಬಾಯಿ ಒಣಗಿದರೆ ರಸ ಮಂದವಾಗುತ್ತದೆ, ರಸ ಮಂದವಾದರೆ ಕಾಲುವೆ ಹೂಳುತ್ತದೆ. ವೈದ್ಯೆಯು ಆತನಿಗೆ ವಿಧಿಸಿದ ಪಥ್ಯವೂ ಇದಕ್ಕೆ ತಕ್ಕುದೇ ಆಗಿತ್ತು. ಗದ್ದೆಗೆ ಹೋಗುವಾಗ ನೀರಿನ ಬಿಂದಿಗೆ ಜೊತೆಗಿರಬೇಕು. ಬಾಯಿ ಒಣಗಿಸುವ ಗುಳಿಗೆಯನ್ನು ಕೇಳದೆ ನುಂಗಬಾರದು. ತಂಬಾಕು ಪೂರ್ತಿ ಬಿಡಬೇಕು. ಅಗಿದು ತಿನ್ನಬೇಕು, ಹುಳಿಯನ್ನು ಬಿಡಬಾರದು. ಇಷ್ಟು ಮಾಡಿದರೂ ಕೆಲವರಿಗೆ ವರ್ಷಗಳ ಮೇಲೆ ಇನ್ನೊಂದು ಕಲ್ಲು ಹುಟ್ಟುವುದುಂಟು. ಆಗ ಮಾಡಬೇಕಾದುದು ಒಂದೇ: ತುತ್ತಿನೊಡನೆ ಬಾವು ಬಂದಿತೆಂದು ಆ ವಾರವೇ ಹೋಗಿ ಹೇಳುವುದು.

ನಾಲಗೆಯ ಬಲ ಅಂಚಿನ ಜೋಮು ಮೂರು ವಾರಗಳಲ್ಲಿ ಹೋಯಿತು. ಮುಂದಿನ ವೈಶಾಖದಲ್ಲಿ ಬಳಗದ ಮನೆಯೊಂದರಲ್ಲಿ ಮದುವೆ. ಗೃಹಸ್ಥನು ಎರಡು ವರ್ಷಗಳ ಮೇಲೆ ಪಂಕ್ತಿಯಲ್ಲಿ ಕುಳಿತನು. ಬಡಿಸುವವರು ಉಪ್ಪಿನಕಾಯಿಯ ಪಾತ್ರೆಯನ್ನು ತಂದಾಗ ಬೇಡವೆನ್ನಲು ಎತ್ತಿದ ಕೈ ನಡುವೆಯೇ ನಿಂತಿತು; ಬಡಿಸಿಕೊಂಡನು. ಹೋಳನ್ನು ಬಾಯಿಗೆ ಹಾಕಿಕೊಂಡಾಗ ಎಡಗೈ ತಾನಾಗಿ ದವಡೆಯ ಕೆಳಗೆ ಹೋಯಿತು. ಅಲ್ಲಿ ಏನೂ ಏಳಲಿಲ್ಲ. ನಾಲಗೆಯ ಅಡಿಯಲ್ಲಿ, ಬಲಗಡೆಯಲ್ಲಿಯೂ, ನೀರೂರಿತು.